ನಿಮ್ಮ ಅಭಿಪ್ರಾಯಕ್ಕೆ ನಾಲ್ಕು ಅಂಕ

ನಮ್ಮ ಶಾಲೆಯ ನೂರಕ್ಕೆ ನೂರು ಫಲಿತಾಂಶ ಹತ್ತನೆಯ ತರಗತಿಯಲ್ಲಿ ತಯಾರಾಗುತ್ತದೆ ಎಂದು ರಾಮದುರ್ಗದ ಜನ ತಿಳಿದುಕೊಂಡಿದ್ದಾರೆ. ಅದು ತಯಾರಾಗುವುದು ಒಂಬತ್ತನೆಯದರಲ್ಲಿ. ಒಂಬತ್ತರ ಘಟಕ ಪರೀಕ್ಷೆ ಮುಗಿದ ಮೇಲೆ ಮೂರು ವಿಷಯಗಳಲ್ಲಿ ಕೆಳಗೆ ಬಿದ್ದವರ ತಂದೆತಾಯಿಗಳನ್ನು ಮುಖ್ಯೋಪಾಧ್ಯಾಯರು ಕರೆಸುತ್ತಾರೆ. ಚಹಾ ಕುಡಿಸುತ್ತಾರೆ. ಮಗು ಬಹಳ ಒಳ್ಳೆಯದು, ಆದರೆ ಇಲ್ಲಿಯ ಓದಿನ ಭಾರ ತಾಳಲಾರದು, ಬೇರೆ ಕಡೆ ಹಾಕಿದರೆ ಅದಕ್ಕೇ ಹಿತ ಎನ್ನುತ್ತಾರೆ. ಟಿಸಿಗೆ ಅರ್ಜಿಯನ್ನು ತಂದೆತಾಯಿಯೇ ಬರೆದುಕೊಡಬೇಕು, ಶಾಲೆ ಯಾರನ್ನೂ ಹೊರಗೆ ಹಾಕುವುದಿಲ್ಲವಲ್ಲ. ಹಾಗೆ ಹೋದವರು ಆಮೇಲೆ ಏನಾದರು ಎಂದು ಶಿಕ್ಷಕರ ಕೋಣೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಅಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಬೈಲಹೊಂಗಲದ ಕಡೆಯವನು, ನಾಲಿಗೆ ಸ್ವಲ್ಪ ಉದ್ದ ಎಂದು ಹೆಸರು ಪಡೆದವನು. ಒಂಬತ್ತನೆಯ ತರಗತಿಗೆ ಎರಡು ವಿಭಾಗ. ಮೊದಲನೆಯದನ್ನು ಹಿರಿಯ ಶಿಕ್ಷಕಿ, ನಾವೆಲ್ಲ ಅಕ್ಕೋರು ಎನ್ನುವವರು, ನೋಡಿಕೊಳ್ಳುತ್ತಿದ್ದರು, ಎರಡನೆಯದು ನನ್ನದು. ಅಕ್ಕೋರು ಪಾಠ ಮಾಡುತ್ತಿರಲಿಲ್ಲ, ಉತ್ತರ ಬರೆಸುತ್ತಿದ್ದರು. ಅವರ ತರಗತಿಯ ಮುಂದೆ ಹಾಯ್ದು ಹೋದರೆ ಅಲ್ಪವಿರಾಮ, ಪೂರ್ಣವಿರಾಮಗಳೂ ಕಿವಿಗೆ ಬೀಳುತ್ತಿದ್ದವು. ಅವರ ಮಕ್ಕಳ ಅಂಕ ಯಾವಾಗಲೂ ನನ್ನ ಮಕ್ಕಳ ಅಂಕಕ್ಕಿಂತ ಮೇಲೆ. ಅದನ್ನು ಅವರು ನನಗೆ ನೆನಪಿಸದ ವಾರವಿರಲಿಲ್ಲ.

ಆ ವರ್ಷ ಮುಖ್ಯೋಪಾಧ್ಯಾಯರು ಯಾವುದೋ ತರಬೇತಿಗೆ ಹೋಗಿ ಬಂದವರು ಪೌರನೀತಿಯ ಘಟಕ ಪರೀಕ್ಷೆಯನ್ನು ಚಿಂತನೆಯ ಮಟ್ಟಗಳ ಪ್ರಕಾರವೇ ತೆಗೆಯಬೇಕು ಎಂದು ಹಟ ಹಿಡಿದರು. ಕೆಲಸ ನನಗೆ ಬಂತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಎಷ್ಟೋ ವರ್ಷದಿಂದ ನಮ್ಮ ಪ್ರಶ್ನೆಪತ್ರಿಕೆಗಳು ಒಂದೇ ಕಾಲಿನ ಮೇಲೆ ನಿಂತಿದ್ದವು. ಯಾವಾಗ ಸ್ಥಾಪನೆಯಾಯಿತು, ಎಷ್ಟು ವರ್ಷದ ಅವಧಿ, ಯಾರು ನೇಮಿಸುತ್ತಾರೆ. ಬಾಯಿಪಾಠ ಮಾಡಿದವನು ಜಾಣ, ಮರೆತವನು ದಡ್ಡ.

ಘಟಕ ಚುನಾವಣಾ ವ್ಯವಸ್ಥೆಯದು, ಇಪ್ಪತ್ತೈದು ಅಂಕ. ಮೊದಲು ನೀಲನಕ್ಷೆ ಹಾಕಿಕೊಂಡೆ. ಸ್ಮರಣೆಗೆ ಐದು ಅಂಕ: ಮತದಾನದ ವಯಸ್ಸು ಎಷ್ಟು, ಚುನಾವಣಾ ಆಯೋಗ ಯಾವಾಗ ಸ್ಥಾಪನೆಯಾಯಿತು, ಇಂಥವು. ತಿಳುವಳಿಕೆಗೆ ಎಂಟು: ಗುಪ್ತ ಮತದಾನ ಯಾಕೆ ಬೇಕು ಎಂದು ತಮ್ಮ ಮಾತಿನಲ್ಲಿ ವಿವರಿಸಬೇಕು. ಅನ್ವಯಕ್ಕೆ ನಾಲ್ಕು: ಮದುವೆಯಾಗಿ ಸವದತ್ತಿಗೆ ಹೋದ ಹೆಣ್ಣುಮಗಳ ಹೆಸರು ತವರಿನ ಮತದಾರರ ಪಟ್ಟಿಯಲ್ಲೇ ಉಳಿದಿದೆ, ಅವಳೀಗ ಏನು ಮಾಡಬೇಕು. ವಿಶ್ಲೇಷಣೆಗೆ ನಾಲ್ಕು: ಮೂವರು ಅಭ್ಯರ್ಥಿಗಳಿಗೆ ಬಿದ್ದ ಮತಗಳನ್ನು ಕೊಟ್ಟು, ಅರ್ಧಕ್ಕಿಂತ ಕಡಿಮೆ ಮತ ಪಡೆದವನು ಹೇಗೆ ಗೆದ್ದ, ಸೋತವರ ಮತಗಳನ್ನು ಕೂಡಿಸಿ ನೋಡಿದರೆ ಏನು ಕಾಣುತ್ತದೆ ಎಂದು ಬಿಡಿಸಿ ಹೇಳಬೇಕು. ಕೊನೆಯ ನಾಲ್ಕು ಅಂಕ ಮೌಲ್ಯಮಾಪನಕ್ಕೆ. ಆ ಪ್ರಶ್ನೆ ಹೀಗಿತ್ತು: ಊರಿನ ಹಿರಿಯರು ಕೂಡಿ ಮಾತಾಡಿ, ಒಬ್ಬರಿಂದಷ್ಟೇ ನಾಮಪತ್ರ ಹಾಕಿಸಿ, ಮತದಾನವಿಲ್ಲದೆ ಪಂಚಾಯಿತಿ ಸದಸ್ಯರನ್ನು ಅವಿರೋಧವಾಗಿ ಆರಿಸುವುದು ಸರಿಯೇ? ನಿಮ್ಮ ಅಭಿಪ್ರಾಯವನ್ನು ಕಾರಣಗಳೊಂದಿಗೆ ಬರೆಯಿರಿ.

ಈ ಪ್ರಶ್ನೆಗೆ ಸರಿ ಎಂದರೂ ಅಂಕ, ತಪ್ಪು ಎಂದರೂ ಅಂಕ. ಅಂಕ ಕೊಡುವ ಸೂಚನೆಯಲ್ಲಿ ನಾನು ಹಾಗೇ ಬರೆದಿದ್ದೆ. ಕಾರಣಗಳಿಗೆ ಎರಡು, ಕಂಡ ಉದಾಹರಣೆಗೆ ಒಂದು, ಎದುರು ಪಕ್ಷದವರು ಏನನ್ನಬಹುದು ಎಂದು ತೂಗಿ ನೋಡಿದ್ದಕ್ಕೆ ಒಂದು.

ಮುಖ್ಯೋಪಾಧ್ಯಾಯರು ನೀಲನಕ್ಷೆಯನ್ನು ಮೆಚ್ಚಿ ಬೆನ್ನು ತಟ್ಟಿದರು. ಸೂಚನೆಯನ್ನು ಮಾತ್ರ ಒಪ್ಪಲಿಲ್ಲ. ಒಬ್ಬ ಹಾಗೆ ಬರೆದು ಇನ್ನೊಬ್ಬ ಹೀಗೆ ಬರೆದರೆ ತಿದ್ದುವವರು ಏನು ಮಾಡಬೇಕು, ನಾಳೆ ಪಾಲಕರು ಬಂದು ಕೇಳಿದರೆ ಏನು ತೋರಿಸಬೇಕು, ನಾಲ್ಕು ಅಂಕಕ್ಕೆ ನಾಲ್ಕು ಅಂಶ ಇರಬೇಕು ಎಂದರು. ಪ್ರಶ್ನೆಪತ್ರಿಕೆಯನ್ನೂ ಸೂಚನೆಯನ್ನೂ ಪರಿಶೀಲನೆಗೆಂದು ಅಕ್ಕೋರ ಕೈಗೆ ಕೊಟ್ಟರು. ಅಕ್ಕೋರು ನನ್ನ ಸೂಚನೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಕೆಳಗೆ ‘ಸರಿ’ ಎಂದು ಹಾಕಿ ನಾಲ್ಕು ಅಂಶ ಬರೆದರು: ಖರ್ಚು ಉಳಿಯುತ್ತದೆ, ಸಮಯ ಉಳಿಯುತ್ತದೆ, ವೈಷಮ್ಯ ಬೆಳೆಯುವುದಿಲ್ಲ, ಊರಲ್ಲಿ ಶಾಂತಿ ಇರುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಅವರು ಎರಡೂ ವಿಭಾಗದ ಮಕ್ಕಳನ್ನು ಕೂಡಿಸಿ ಪುನರಾವರ್ತನೆ ತೆಗೆದುಕೊಂಡರು. ಇಂಪಾರ್ಟೆಂಟ್ ಎಂದು ಹೇಳಿ ಆ ನಾಲ್ಕೂ ಅಂಶಗಳನ್ನು ಬರೆಸಿಬಿಟ್ಟರು. ನಮ್ಮ ಕಡೆ ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ, ಮಕ್ಕಳ ಮೇಲಿನ ಪ್ರೀತಿ ಎನ್ನುತ್ತಾರೆ. ನನಗೆ ಗೊತ್ತಾದದ್ದು ಮರುದಿನ, ಮಕ್ಕಳು ಉತ್ತರಪತ್ರಿಕೆಯ ಮೇಲೆ ತಲೆ ಬಗ್ಗಿಸಿದ ಮೇಲೆ.

ಪ್ರಶ್ನೆಯಲ್ಲಿ ‘ಅಭಿಪ್ರಾಯ’ ಎಂಬ ಪದ ಇದ್ದಮಾತ್ರಕ್ಕೆ ಅದು ಮೌಲ್ಯಮಾಪನದ ಪ್ರಶ್ನೆ ಆಗಿಬಿಡುವುದಿಲ್ಲ. ಮಗು ಉತ್ತರವನ್ನು ನಿನ್ನೆಯೇ ಬರೆದುಕೊಂಡಿದ್ದರೆ ಇವತ್ತು ಅದು ಬರೀ ಸ್ಮರಣೆ. ನೀಲನಕ್ಷೆಯಲ್ಲಿ ನೀವು ಅದನ್ನು ಎಷ್ಟು ಮೇಲಿನ ಮನೆಯಲ್ಲಿ ಕೂರಿಸಿದರೂ ಮಗುವಿನ ತಲೆಯಲ್ಲಿ ಅದು ಕೆಳಗಿನ ಮನೆಯಲ್ಲೇ ಇರುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯಲು ತರಬೇತಿಗೆ ಹೋಗಬೇಕಾಗಿಲ್ಲ.

ನನ್ನ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು. ಸುರೇಬಾನದ ಆಚೆಯ ಒಂದು ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಬಾಯಿಪಾಠ ಅವಳಿಗೆ ಒಗ್ಗದು. ಇಸವಿ ಕೇಳಿದರೆ ಕಣ್ಣು ಪಿಳಿಪಿಳಿ ಬಿಡುವಳು. ಆದರೆ ಪಾಠದ ನಡುವೆ ಕೈ ಎತ್ತಿದಳೆಂದರೆ ನಾನು ಎಚ್ಚರವಾಗುತ್ತಿದ್ದೆ. ನೋಟಾ ಬಗ್ಗೆ ಹೇಳುತ್ತಿದ್ದಾಗ, ಎಲ್ಲರಿಗಿಂತ ನೋಟಾಕ್ಕೇ ಹೆಚ್ಚು ಮತ ಬಿದ್ದರೆ ಯಾರು ಗೆದ್ದಂತೆ ಎಂದು ಕೇಳಿದ್ದಳು. ಆಗಲೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ ಎಂದೆ. ಹಾಗಾದರೆ ಬೇಡ ಅಂದದ್ದು ಯಾರ ಕಿವಿಗೆ ಬಿತ್ತು ಸರ ಎಂದಳು. ಇಂಥ ಮಕ್ಕಳು ಸಿಕ್ಕರೆ ಮೇಷ್ಟ್ರಾದದ್ದಕ್ಕೆ ಒಂದಿಷ್ಟು ಅರ್ಥ ಬರುತ್ತದೆ. ಅವಳನ್ನು ಕಂಡರೆ ನನಗೆ ಬಹಳ ಪ್ರೀತಿ.

ಗಣಿತದಲ್ಲಿ, ಇಂಗ್ಲಿಷಿನಲ್ಲಿ ಅವಳು ಆಗಲೇ ಬಿದ್ದಿದ್ದಳು. ಪೌರನೀತಿಯಲ್ಲೂ ಬಿದ್ದರೆ ಮೂರಾಗುತ್ತಿತ್ತು. ಈ ಸಲ ಪ್ರಶ್ನೆಪತ್ರಿಕೆಯ ಅರ್ಧದಷ್ಟು ಅಂಕ ವಿಚಾರ ಮಾಡುವವರಿಗೆ ಇದೆಯಲ್ಲ, ಅವಳು ದಾಟಿಕೊಳ್ಳುತ್ತಾಳೆ ಎಂದು ನಾನು ನಿಶ್ಚಿಂತನಾಗಿದ್ದೆ. ಅಕ್ಕೋರ ಪುನರಾವರ್ತನೆಗೆ ಅವಳು ಕೂತಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿಯದಿದ್ದರೆ ಅವಳ ಊರಿಗೆ ಮತ್ತೆ ಕತ್ತಲಾದ ಮೇಲೆಯೇ ಬಸ್ಸು.

ನಮ್ಮಲ್ಲಿ ಪತ್ರಿಕೆಗಳನ್ನು ಅದಲು ಬದಲು ಮಾಡಿ ತಿದ್ದುವ ಪದ್ಧತಿ. ನನ್ನವರ ಪತ್ರಿಕೆಗಳು ಅಕ್ಕೋರಿಗೆ ಹೋದವು, ಅವರವು ನನಗೆ ಬಂದವು. ತಿದ್ದುತ್ತಾ ತಿದ್ದುತ್ತಾ ನನ್ನ ಮೈ ಉರಿಯಿತು. ಒಬ್ಬರಾದ ಮೇಲೆ ಒಬ್ಬರದು ಅದೇ ನಾಲ್ಕು ಸಾಲು, ಅದೇ ಕ್ರಮ. ಖರ್ಚು, ಸಮಯ, ವೈಷಮ್ಯ, ಶಾಂತಿ. ಅಷ್ಟೂ ಮಕ್ಕಳ ಅಭಿಪ್ರಾಯ ಒಂದೇ ಅಚ್ಚಿನಿಂದ ಇಳಿದಿತ್ತು. ಮದುವೆಯಾದ ಹೆಣ್ಣುಮಗಳ ಸುಲಭ ಪ್ರಶ್ನೆಗೆ ಮಾತ್ರ ಬಹಳ ಮಂದಿ ಮತದಾನದ ವಯಸ್ಸು ಹದಿನೆಂಟು ಎಂದು ಬರೆದಿದ್ದರು. ಅದನ್ನು ಯಾರೂ ಬರೆಸಿರಲಿಲ್ಲವಲ್ಲ.

ನಾನು ಎರಡೂ ವಿಭಾಗದ ಅಂಕಗಳನ್ನು ಮಟ್ಟದ ಪ್ರಕಾರ ವಿಂಗಡಿಸಿ ಮುಖ್ಯೋಪಾಧ್ಯಾಯರ ಮುಂದಿಟ್ಟೆ. ನೋಡಿ, ಅತಿ ಕಠಿಣವಾಗಬೇಕಿದ್ದ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಅಂಕ, ಅದಕ್ಕಿಂತ ಕೆಳಗಿನ ಅನ್ವಯದಲ್ಲಿ ಬಹಳ ಮಂದಿ ಮುಗ್ಗರಿಸಿದ್ದಾರೆ, ಹೀಗಾಗಿದ್ದರೆ ಎಲ್ಲೋ ಉತ್ತರ ಸೋರಿದೆ ಎಂದೇ ಅರ್ಥ ಎಂದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು. ಮೌಲ್ಯಮಾಪನದ ಮಟ್ಟದಲ್ಲಿ ನಮ್ಮ ಮಕ್ಕಳು ಇಷ್ಟು ಮುಂದಿದ್ದಾರೆ ಎಂದು ತಮಗೇ ಗೊತ್ತಿರಲಿಲ್ಲ ಎಂದರು. ಅದನ್ನು ಸೂಚನಾಫಲಕದ ಮೇಲೆ ಬರೆಸಿದರು. ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿಸಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಆ ಹುಡುಗಿಗೆ ಬಂದದ್ದು ಎಂಟು. ಪಾಸಾಗಲು ಒಂಬತ್ತು ಬೇಕು. ಅನ್ವಯದಲ್ಲಿ ನಾಲ್ಕಕ್ಕೆ ನಾಲ್ಕು ತೆಗೆದ ಕೆಲವೇ ಮಕ್ಕಳಲ್ಲಿ ಅವಳೊಬ್ಬಳು. ಮೌಲ್ಯಮಾಪನದಲ್ಲಿ ಸೊನ್ನೆ. ಎರಡೂ ವಿಭಾಗ ಸೇರಿಸಿ ಆ ಪ್ರಶ್ನೆಗೆ ಸೊನ್ನೆ ತೆಗೆದುಕೊಂಡವಳು ಅವಳೊಬ್ಬಳೇ.

ತಾಯಿಯನ್ನು ಕರೆಸಿದರು. ತಾಯಿ ಅವರ ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಊಟ ಬಡಿಸಿ, ಪಾತ್ರೆ ತೊಳೆದಿಟ್ಟು, ಮಧ್ಯಾಹ್ನದ ಬಸ್ಸಿಗೆ ಬಂದಿದ್ದಳು. ಕುರ್ಚಿ ತೋರಿಸಿದರೂ ತುದಿಗೆ ಕುಳಿತಳು. ಮಗಳು ಅವಳ ಬೆನ್ನ ಹಿಂದೆ ನಿಂತಿದ್ದಳು. ಅಕ್ಕೋರು ತಿದ್ದಿದವರಾದ್ದರಿಂದ ಅವರೂ ಬಂದಿದ್ದರು, ತರಗತಿ ಶಿಕ್ಷಕನೆಂದು ನಾನೂ ಇದ್ದೆ. ಚಹಾ ಬಂತು.

ಮುಖ್ಯೋಪಾಧ್ಯಾಯರು ಹುಡುಗಿಯನ್ನು ಮುಂದೆ ಕರೆದು ಚುನಾವಣಾ ಆಯೋಗ ಯಾವಾಗ ಸ್ಥಾಪನೆಯಾಯಿತು ಎಂದು ಕೇಳಿದರು. ಅವಳಿಗೆ ಬರಲಿಲ್ಲ. ಅವಳನ್ನು ಹಾಗೇ ಎದುರಿಗೆ ನಿಲ್ಲಿಸಿಕೊಂಡರು. ತಾಯಿ ನೆಲ ನೋಡುತ್ತಿದ್ದಳು. ಆಮೇಲೆ ನಾನು ವಿಂಗಡಿಸಿಕೊಟ್ಟ ಅಂಕಪಟ್ಟಿಯನ್ನೇ ತಾಯಿಯ ಕಡೆಗೆ ತಿರುಗಿಸಿ, ಒಂದೊಂದು ಮನೆಯ ಮೇಲೂ ಪೆನ್ನು ಇಟ್ಟು ವಿವರಿಸಿದರು.

“ಇದು ನೆನಪಿನ ಶಕ್ತಿರಿ, ಒಂದು ಬಂದದ. ಇದು ತಿಳುವಳಿಕಿ, ಎಂಟಕ್ಕ ಎರಡು. ಇದು ಎಲ್ಲಾಕ್ಕಿಂತ ಮ್ಯಾಲಿಂದು, ಸ್ವಂತ ವಿಚಾರ ಮಾಡೂದು. ಇದರಾಗ ನಿಮ್ಮ ಮಗಳಿಗೆ ಸೊನ್ನಿ. ಬಾಕಿ ಹುಡುಗೂರಿಗೆಲ್ಲಾ ವಿಚಾರ ಮಾಡಾಕ ಬರತದ, ಈಕಿಗೊಬ್ಬಾಕಿಗೆ ಬರೂದಿಲ್ಲ. ನಾವೇನ ಅನ್ನಾಕತ್ತಿಲ್ಲವಾ, ಪರೀಕ್ಷಾನ ಹೇಳತದ.”

ತಾಯಿ ಆ ಕಾಗದವನ್ನು ನೋಡಿದಳು. ಮಗಳ ಮುಖ ನೋಡಿದಳು. ಹೂಂ ಎಂದಳು.

ನನಗೆ ತಡೆಯಲಾಗಲಿಲ್ಲ. ಮೇಜಿನ ಮೇಲಿದ್ದ ಅವಳ ಉತ್ತರಪತ್ರಿಕೆಯನ್ನು ಎಳೆದುಕೊಂಡು, ಯಾರ ಅನುಮತಿಯನ್ನೂ ಕೇಳದೆ ಗಟ್ಟಿಯಾಗಿ ಓದಿದೆ. ಅವಳು ಬರೆದದ್ದು ಇಷ್ಟು: ‘ನಮ್ಮ ಊರಿನಲ್ಲಿ ಕಳೆದ ಸಲ ಅವಿರೋಧ ಆಯ್ಕೆ ಆಯಿತು. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಮಾತಾಡಿದರು. ಆ ಕಟ್ಟೆಯ ಮೇಲೆ ನಮ್ಮ ಓಣಿಯವರು ಕೂಡುವಂತಿಲ್ಲ, ಹೆಣ್ಣುಮಕ್ಕಳೂ ಕೂಡುವಂತಿಲ್ಲ. ಖರ್ಚು ಉಳಿಯಿತು, ಜಗಳ ಆಗಲಿಲ್ಲ, ಅದು ಖರೆ. ಆದರೆ ನಮ್ಮವ್ವನ ಕಡೆ ಒಂದೇ ಒಂದು ಓಟು ಇತ್ತು, ಅದನ್ನು ಯಾರೂ ಕೇಳಲು ಬರಲಿಲ್ಲ. ಓಟು ಇದ್ದರೆ ಐದು ವರ್ಷಕ್ಕೊಮ್ಮೆಯಾದರೂ ನಮ್ಮ ಮನೆ ಮುಂದೆ ನಿಂತು ಅಕ್ಕಾ ಎನ್ನುತ್ತಾರೆ. ಆದ್ದರಿಂದ ಸರಿ ಅಲ್ಲ.’

ಕಾರಣ ಇತ್ತು, ಉದಾಹರಣೆ ಇತ್ತು, ಎದುರಿನವರ ಮಾತನ್ನು ಒಪ್ಪಿ ತೂಗಿದ್ದೂ ಇತ್ತು. ನಾನು ಬರೆದ ಸೂಚನೆಯಂತೆ ನಾಲ್ಕಕ್ಕೆ ನಾಲ್ಕು ಕೊಡಬೇಕು, ಎರಡೂ ವಿಭಾಗದಲ್ಲಿ ಆ ಪ್ರಶ್ನೆಗೆ ಉತ್ತರ ಬರೆದವಳು ಇವಳೊಬ್ಬಳೇ, ಉಳಿದವರೆಲ್ಲ ಬರೆಸಿದ್ದನ್ನು ಬರೆದಿದ್ದಾರೆ ಎಂದು ಹೇಳಿದೆ. ಅಕ್ಕೋರು ನಕ್ಕರು. ಕಥೆ ಚೆನ್ನಾಗಿದೆ, ಆದರೆ ನಾಲ್ಕು ಅಂಶಗಳಲ್ಲಿ ಎರಡನ್ನು ಮುಟ್ಟಿದರೂ ‘ಸರಿ ಅಲ್ಲ’ ಎಂದು ಮುಗಿಸಿದ್ದಾಳೆ, ಆದ್ದರಿಂದ ಉತ್ತರವೇ ತಪ್ಪು ಎಂದರು. ಇಂಥದಕ್ಕೆ ಅಂಕ ಕೊಟ್ಟರೆ ನಾಳೆ ಬೋರ್ಡಿನ ಪರೀಕ್ಷೆಯಲ್ಲೂ ಮನೆಯ ಸುದ್ದಿ ಬರೆದು ಬರುತ್ತಾಳೆ ಎಂದೂ ಸೇರಿಸಿದರು.

ಆಗ ಹುಡುಗಿ ಮಾತಾಡಿದಳು. ದನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ.

“ಸರ, ನಿಮ್ಮ ಅಭಿಪ್ರಾಯ ಬರೀರಿ ಅಂತ ಇತ್ರಿ. ನಾ ನಂದ ಬರದೇನ್ರಿ.”

“ನಿಂದ ಅಭಿಪ್ರಾಯ ತುಗೊಂಡು ಏನ ಮಾಡೂನವಾ?” ಎಂದರು ಮುಖ್ಯೋಪಾಧ್ಯಾಯರು. ಸಿಟ್ಟಿನಿಂದ ಅನ್ನಲಿಲ್ಲ. ಪ್ರೀತಿಯಿಂದಲೇ ಅಂದರು, ಅದೇ ಹೆಚ್ಚು ಚುಚ್ಚಿತು.

ಪತ್ರಿಕೆಯನ್ನು ಮರುತಿದ್ದುಪಡಿಗೆ ಹಾಕದಿದ್ದರೆ ನಾನು ಆಡಳಿತ ಮಂಡಳಿಯವರೆಗೂ ಹೋಗುತ್ತೇನೆ ಎಂದೆ. ಆ ಮಾತು ಅವರಿಗೆ ಹಿಡಿಸಲಿಲ್ಲ. ಮರುತಿದ್ದುಪಡಿ ಆಗುವುದಿಲ್ಲ, ಅಕ್ಕೋರಿಗೆ ಅವಮಾನವಾಗುತ್ತದೆ ಎಂದರು. ಆದರೆ ತಾವೇನೂ ಕಟುಕರಲ್ಲ, ಪೌರನೀತಿಯ ಮುಂದಿನ ಘಟಕ ಪರೀಕ್ಷೆಯಲ್ಲಿ ಪಾಸಾದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ತಾಯಿ ಅರ್ಜಿ ಬರೆದುಕೊಡಬೇಕು ಎಂದು ತೀರ್ಮಾನ ಹೇಳಿದರು. ತಾಯಿ ಎದ್ದು ಅವರ ಕಾಲಿಗೆ ನಮಸ್ಕಾರ ಮಾಡಿದಳು. ಅಕ್ಕೋರಿಗೂ ಮಾಡಿದಳು. ಚಹಾ ಹಾಗೇ ಉಳಿದಿತ್ತು.

ಹೊರಗೆ ವರಾಂಡದಲ್ಲಿ ತಾಯಿ ನನಗಾಗಿ ಕಾದು ನಿಂತಿದ್ದಳು. ನಾನು ಧೈರ್ಯ ಹೇಳಲು ಹೋದೆ. ನಿಮ್ಮ ಮಗಳಷ್ಟು ಚೆನ್ನಾಗಿ ವಿಚಾರ ಮಾಡುವವರು ಶಾಲೆಯಲ್ಲೇ ಇಲ್ಲ, ಆ ಸೊನ್ನೆಯನ್ನು ನಂಬಬೇಡಿ, ಅವಳನ್ನು ಹೀಗೇ ಬಿಡಿ, ನಾನು ಪಾಠ ಹೇಳಿಕೊಡುತ್ತೇನೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಆಕಿಗೆ ಪಾಠ ಹೇಳಬ್ಯಾಡ್ರಿ ಸರ, ಉತ್ರ ಕೊಡ್ರಿ. ವಿಚಾರ ಮಾಡಾಕ ನನಗೂ ಬರತಿತ್ರಿ. ಹತ್ತನೇತ್ತಾ ಪಾಸಾಗಲಿಲ್ಲ, ಅಷ್ಟ. ಪಾಸಾದಾಕಿ ಅಂಗನವಾಡ್ಯಾಗ ಕುರ್ಚಿ ಮ್ಯಾಲ ಕುಂತಾಳ, ನಾ ಆಕಿ ಹೇಳಿದಂಗ ಪಾತ್ರಿ ತೊಳೀತೇನಿ.”

ಅಕ್ಕೋರ ನೋಟ್ಸಿನ ಝೆರಾಕ್ಸ್ ಮಾಡಿಸಿ ಹುಡುಗಿಗೆ ಕೊಟ್ಟೆ.

ಮುಂದಿನ ಘಟಕ ನ್ಯಾಯಾಂಗ. ಆ ವಾರಗಳಲ್ಲಿ ಅವಳು ಒಮ್ಮೆಯೂ ಕೈ ಎತ್ತಲಿಲ್ಲ. ಬಸ್ಸಿನಲ್ಲಿ ಓದುತ್ತಾಳೆ, ಅವ್ವ ಒಲೆಯ ಮುಂದೆ ಕೂರಿಸಿಕೊಂಡು ಒಪ್ಪಿಸಿಕೊಳ್ಳುತ್ತಾಳೆ, ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಬೇಕು ಎಂದು ಅವಳ ಗೆಳತಿಯರು ಹೇಳಿದರು. ಪಾಠ ಮಾಡುವಾಗ ನಾನು ಅವಳ ಕಡೆ ನೋಡಿದರೆ ಅವಳು ಪುಸ್ತಕದ ಕಡೆ ನೋಡುವಳು.

ಪ್ರಶ್ನೆಪತ್ರಿಕೆ ಈ ಸಲವೂ ನನ್ನದೇ. ಅದೇ ಹಂಚಿಕೆ, ಅದೇ ಹಟ. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವುದು ಎಲ್ಲ ಪ್ರಕರಣಗಳಲ್ಲೂ ಸರಿಯೇ, ನಿಮ್ಮ ಅಭಿಪ್ರಾಯವೇನು ಎಂದು ಕೊನೆಯ ಪ್ರಶ್ನೆ ಕೇಳಿದ್ದೆ. ಬಲವಿದ್ದವನೂ ಬಲವಿಲ್ಲದವನೂ ಎದುರುಬದುರು ಕೂತಾಗ ರಾಜಿ ಎಂದರೆ ಏನು ಎಂದು ಒಬ್ಬಳಾದರೂ ಕೇಳಲಿ ಎಂಬ ಆಸೆ. ಆ ಒಬ್ಬಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಪತ್ರಿಕೆ ಪರಿಶೀಲನೆಗೆ ಹೋಯಿತು. ಅಕ್ಕೋರ ನಾಲ್ಕು ಅಂಶ ಬಂದವು: ಖರ್ಚು ಉಳಿಯುತ್ತದೆ, ಸಮಯ ಉಳಿಯುತ್ತದೆ, ವೈಷಮ್ಯ ಬೆಳೆಯುವುದಿಲ್ಲ, ಶಾಂತಿ ಇರುತ್ತದೆ. ಪ್ರಶ್ನೆ ಬದಲಾದರೂ ಅಂಶಗಳನ್ನು ಬದಲಾಯಿಸುವ ತೊಂದರೆಯನ್ನು ಅವರು ತೆಗೆದುಕೊಂಡಿರಲಿಲ್ಲ. ಪುನರಾವರ್ತನೆಯ ದಿನ ಹುಡುಗಿ ಬಸ್ಸು ಬಿಟ್ಟು ಕೂತಳು.

ಅವಳಿಗೆ ಇಪ್ಪತ್ತೈದಕ್ಕೆ ಹತ್ತೊಂಬತ್ತು ಬಂತು. ಸ್ಮರಣೆಯಲ್ಲಿ ಪೂರ್ತಿ, ಮೌಲ್ಯಮಾಪನದಲ್ಲಿ ಪೂರ್ತಿ. ಅನ್ವಯದ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದಳು. ಮುಖ್ಯೋಪಾಧ್ಯಾಯರು ಉತ್ತರಪತ್ರಿಕೆಯನ್ನು ಶಿಕ್ಷಕರ ಕೋಣೆಗೇ ತಂದು ಎಲ್ಲರೆದುರು ನನ್ನ ಮುಂದೆ ಹಿಡಿದರು.

“ನೋಡ್ರಿ ಸರ. ಸುಮ್ನ ಕೂಗ್ಯಾಡಿದ್ರಿ. ಸ್ವಲ್ಪ ಬಿಗಿ ಮಾಡಿದ್ದಕ್ಕ ಹುಡುಗಿ ವಿಚಾರ ಮಾಡೂದು ಕಲತಳು.”

ಎಲ್ಲರೂ ನಕ್ಕರು. ಅಕ್ಕೋರು ಪೇಢೆ ತರಿಸಿದರು. ನಾನೂ ಒಂದು ತಿಂದೆ. ಅವಳು ಶಾಲೆಯಲ್ಲಿ ಉಳಿದಳು, ಹತ್ತನೆಯ ತರಗತಿಗೆ ಹೆಸರು ಹಚ್ಚಿದಳು, ಅದಂತೂ ಸತ್ಯ. ತಾಯಿಗೆ ಬೇಕಾದದ್ದು ಅದೇ.

ಅಂಕ ಹೇಳಿದ ದಿನ ಸಂಜೆ ಗೇಟಿನ ಹತ್ತಿರ ಹುಡುಗಿ ಸಿಕ್ಕಳು. ಅಭಿನಂದನೆ ಹೇಳಿದೆ. ಹೇಳಿ ಸುಮ್ಮನಿರಬಹುದಿತ್ತು. ಆದರೆ ನನಗೆ ಇನ್ನೂ ಆಸೆ. ನಿಮ್ಮ ಊರಲ್ಲಿ ಜಮೀನಿನ ತಂಟೆಯಾಗಿ, ಒಂದು ಕಡೆ ಆ ಗುಡಿಕಟ್ಟೆಯ ಹಿರಿಯರು, ಇನ್ನೊಂದು ಕಡೆ ನಿಮ್ಮವ್ವ ಕೂತರೆ ಆ ರಾಜಿ ಸರಿಯಾಗಿರುತ್ತದೆಯೇ, ನಿನಗೇನು ಅನಿಸುತ್ತದೆ, ನನಗಷ್ಟೇ ಹೇಳು ಎಂದು ಕೇಳಿದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ನಾನು ಅವಳಿಗೆ ಮತ್ತೊಂದು ಬಲೆ ಹಾಕುತ್ತಿದ್ದೇನೆ ಎಂಬ ಭಯ ಆ ಕಣ್ಣಲ್ಲಿ ನನಗೆ ಸ್ಪಷ್ಟವಾಗಿ ಕಾಣಿಸಿತು. ಚೀಲ ಕೆಳಗಿಟ್ಟು, ನೋಟ್‌ಬುಕ್ ತೆಗೆದು, ಹೊಸ ಹಾಳೆ ತೆರೆದಳು.

“ಇದೂ ಪರೀಕ್ಷಾಕ್ಕ ಬರತೈತೇನ್ರಿ ಸರ? ಬರೂದಿದ್ರ ಬರಸ್ರಿ.”

ಬರುವುದಿಲ್ಲ, ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಎಂದೆ. ಅವಳು ಪೆನ್ನು ಹಿಡಿದುಕೊಂಡೇ ನಿಂತಳು. ಬಸ್ಸು ಹಾರ್ನ್ ಹಾಕಿತು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಕಣ್ಣಲ್ಲಿ ನೀರು ಬಂತು. ಆದರೂ ಕಾಲು ಕೀಳಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದ್ದಾರೆ, ಉತ್ತರ ಇಲ್ಲದೆ ಹೋಗುವುದು ಹೇಗೆ.

ಅವಳ ಅಭಿಪ್ರಾಯವನ್ನು ನಾನು ಬರೆಸಿದೆ.